ಸತ್ತ ಸೇವೆಗಿಂತ ನಿಧಾನದ ಸೇವೆಯೇ ಅಪಾಯ

ದೀಪಾವಳಿಗೆ ನಾಲ್ಕು ದಿನವಿದ್ದಾಗ ಕಸ್ಟಮರ್ ಕೇರ್‌ನ ಹುಡುಗಿ ಒಂದು ಕರೆಯನ್ನು ನನ್ನ ಮೇಜಿಗೆ ತಿರುಗಿಸಿದಳು. ಪುಣೆಯ ನಮ್ಮ ಆಫೀಸಿನಲ್ಲಿ ಕನ್ನಡ ಬರುವವನು ನಾನೊಬ್ಬನೇ. ಆ ಕಡೆಯವರು ಬಾಗಲಕೋಟೆಯವರು, ಇಲ್ಲಿ ಕಟ್ಟಡ ಕೆಲಸ ಮಾಡುವವರು. ‘ಸರ, ರೊಕ್ಕ ಎರಡ ಸಲ ಕಟ್ ಆಗ್ಯಾವ್ರಿ, ಟಿಕೀಟ ಒಂದೂ ಬಂದಿಲ್ರಿ’ ಎಂದರು. ನಾನು ಬ್ಯಾಂಕನ್ನು ದೂರಬಹುದಿತ್ತು. ಆದರೆ ತಪ್ಪು ನಾವು ಬರೆದ ಕೋಡ್‌ನದಾಗಿತ್ತು. ಅದೂ ಹಿಂದಿನ ಒಂದು ತಪ್ಪನ್ನು ಸರಿಪಡಿಸಲೆಂದು ಬರೆದದ್ದು.

ಮೊದಲ ತಪ್ಪು ಗಣೇಶ ಚತುರ್ಥಿಯ ಹಿಂದಿನ ವಾರದ್ದು. ಖಾಸಗಿ ಬಸ್ ಮಾಲೀಕರಿಗೆ ಟಿಕೆಟ್ ಬುಕಿಂಗ್ ವ್ಯವಸ್ಥೆ ನಡೆಸಿಕೊಡುವುದು ನಮ್ಮ ಕೆಲಸ. ಸೀಟು ಆರಿಸುವ ಪುಟ ತೆರೆದಾಗಲೆಲ್ಲ ನಮ್ಮ ಸರ್ವರ್ ಹೊರಗಿನ ಕಂಪನಿಯೊಂದರ ಕೂಪನ್ ಸೇವೆಯನ್ನು ‘ಇವರಿಗೆ ರಿಯಾಯಿತಿ ಇದೆಯೇ?’ ಎಂದು ಕೇಳುತ್ತಿತ್ತು. ಅಂದು ಸಂಜೆ ಆ ಸೇವೆ ನಿಧಾನವಾಯಿತು. ಹತ್ತು ನಿಮಿಷದಲ್ಲಿ ನಮ್ಮ ಇಡೀ ಬುಕಿಂಗ್ ನಿಂತಿತು.

ಐವತ್ತು ರೂಪಾಯಿ ರಿಯಾಯಿತಿ ಹೇಳುವ ಸೇವೆ ಸಾವಿರ ರೂಪಾಯಿ ಟಿಕೆಟ್ ಮಾರುವ ವ್ಯವಸ್ಥೆಯನ್ನು ಕೆಡವಿದ್ದು ಹೇಗೆ? ಲೆಕ್ಕ ಸರಳ. ನಮ್ಮ ಸರ್ವರ್‌ನಲ್ಲಿ ಒಮ್ಮೆಗೆ 200 ಥ್ರೆಡ್‌ಗಳು ಕೆಲಸ ಮಾಡಬಲ್ಲವು. ಅವನ್ನು ಬ್ಯಾಂಕಿನ ಕೌಂಟರ್‌ಗಳಂತೆ ತಿಳಿಯಿರಿ. ಸೆಕೆಂಡಿಗೆ 40 ಮನವಿ ಬರುತ್ತಿದ್ದವು, ಒಂದೊಂದೂ ಕಾಲು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. 40ಕ್ಕೆ ಕಾಲು ಎಂದರೆ 10. ಹತ್ತು ಕೌಂಟರ್ ಸಾಕು, 190 ಖಾಲಿ. ಕೂಪನ್ ಸೇವೆ ಉತ್ತರಕ್ಕೆ 30 ಸೆಕೆಂಡ್ ತೆಗೆದುಕೊಳ್ಳತೊಡಗಿದಾಗ ಬೇಕಾದದ್ದು 40 ಗುಣಿಸು 30, ಅಂದರೆ 1,200 ಕೌಂಟರ್. ಇದ್ದದ್ದು 200. ಸೆಕೆಂಡಿಗೆ 40ರಂತೆ ಅವೆಲ್ಲ ತುಂಬಲು ಐದೇ ಸೆಕೆಂಡ್ ಸಾಕಾಯಿತು. ಆಮೇಲೆ ಬಂದವರೆಲ್ಲ ಸಾಲಿನಲ್ಲಿ ನಿಂತರು. ಕೂಪನ್ ಬೇಡದವರೂ, ಟಿಕೆಟ್ ರದ್ದು ಮಾಡಲು ಬಂದವರೂ ಅದೇ ಸಾಲಿನಲ್ಲಿ.

ಇದನ್ನು ಗುರುತಿಸಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಸಿಪಿಯು ಶೇಕಡಾ ಎಂಟರಲ್ಲಿ ನಿದ್ದೆ ಮಾಡುತ್ತಿತ್ತು, ಡೇಟಾಬೇಸ್ ಆರಾಮವಾಗಿತ್ತು. ಎಲ್ಲ ಯಂತ್ರಗಳೂ ಬಿಡುವಾಗಿದ್ದು ಗ್ರಾಹಕ ಮಾತ್ರ ಕಾಯುತ್ತಿದ್ದಾನೆ ಎಂದರೆ ನಾವು ಇನ್ಯಾರಿಗೋ ಕಾಯುತ್ತಿದ್ದೇವೆ ಎಂದೇ ಅರ್ಥ. ಕೊನೆಗೆ `jstack` ಓಡಿಸಿ ನೋಡಿದರೆ ಹೆಚ್ಚುಕಡಿಮೆ ಪ್ರತಿ ಥ್ರೆಡ್ಡೂ `socketRead0` ಎಂಬ ಒಂದೇ ಸಾಲಿನಲ್ಲಿ ನಿಂತಿತ್ತು. ಅಂದರೆ ಎಲ್ಲರೂ ಫೋನ್ ಕಿವಿಗಿಟ್ಟುಕೊಂಡು ಆ ಕಡೆಯ ಉತ್ತರಕ್ಕೆ ಕೂತಿದ್ದರು.

ಪರೀಕ್ಷೆ ಮಾಡಿರಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದ್ದೆವು, ಕೂಪನ್ ಸೇವೆಯನ್ನು ಪೂರ್ತಿ ಬಂದ್ ಮಾಡಿ. ಬಂದ್ ಆದ ಸೇವೆ ‘ಸಂಪರ್ಕವಿಲ್ಲ’ ಎಂದು ಕ್ಷಣದಲ್ಲೇ ಹೇಳಿಬಿಡುತ್ತದೆ, ಕೋಡ್ ಮುಂದೆ ಹೋಗುತ್ತದೆ. ನಿಧಾನವಾದ ಸೇವೆ ಇಲ್ಲವೆನ್ನುವುದೂ ಇಲ್ಲ, ಕೊಡುವುದೂ ಇಲ್ಲ. ಅದನ್ನು ನಾವು ಪರೀಕ್ಷಿಸಿರಲೇ ಇಲ್ಲ. ಎಷ್ಟು ಹೊತ್ತು ಕಾಯಬೇಕೆಂದೂ ಕೋಡ್‌ನಲ್ಲಿ ಯಾರೂ ಬರೆದಿರಲಿಲ್ಲ. ಜಾವಾದ ಹಳೆಯ ಎಚ್‌ಟಿಟಿಪಿ ಸಂಪರ್ಕಕ್ಕೂ ಪೈಥಾನ್‌ನ ಜನಪ್ರಿಯ ರಿಕ್ವೆಸ್ಟ್ಸ್ ಲೈಬ್ರರಿಗೂ ತಾವಾಗಿಯೇ ಟೈಮ್‌ಔಟ್ ಇರುವುದಿಲ್ಲ. ನೀವು ಹೇಳದಿದ್ದರೆ ಅವು ಕಾಯುತ್ತಲೇ ಇರುತ್ತವೆ. 30 ಸೆಕೆಂಡಿಗೆ ಕರೆ ಮುಗಿಯುತ್ತಿದ್ದುದು ಆ ಕಡೆಯವರೇ ಸಂಪರ್ಕ ಕಡಿಯುತ್ತಿದ್ದುದರಿಂದ.

ಮರುದಿನವೇ ಟೈಮ್‌ಔಟ್ ಹಾಕಿದೆವು. ಎಷ್ಟೆಂದು ಹಾಕುವುದು? ಊಹಿಸಬಾರದು. ಒಳ್ಳೆಯ ದಿನಗಳ ದಾಖಲೆ ನೋಡಿದರೆ ನೂರರಲ್ಲಿ 99 ಕರೆಗಳು 300 ಮಿಲಿಸೆಕೆಂಡಿನೊಳಗೆ ಮುಗಿಯುತ್ತಿದ್ದವು. ಸ್ವಲ್ಪ ಸಡಿಲ ಬಿಟ್ಟು 800 ಎಂದು ನಿಗದಿ ಮಾಡಿದೆವು. ಈಗ ಅದೇ ಸಂಜೆಯ ಲೆಕ್ಕ ಹಾಕಿ: ಒಂದು ಮನವಿಗೆ ಹೆಚ್ಚೆಂದರೆ 1.05 ಸೆಕೆಂಡ್, ಗುಣಿಸು 40, ಸುಮಾರು 42 ಥ್ರೆಡ್. ಬದುಕಿದೆವು.

ಆದರೆ ಹಬ್ಬದ ಮುನ್ನಾದಿನ ಸೆಕೆಂಡಿಗೆ 200 ಮನವಿ ಬಂದರೆ 210 ಥ್ರೆಡ್ ಬೇಕು, ಮತ್ತೆ ಮುಳುಗಿದಂತೆ. ಜೊತೆಗೆ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಪ್ರತಿ ಗ್ರಾಹಕನನ್ನು 800 ಮಿಲಿಸೆಕೆಂಡ್ ನಿಲ್ಲಿಸುವುದೇಕೆ? ಜ್ವರ ಬಂದು ಮಲಗಿದವನ ಬಾಗಿಲನ್ನು ಸೆಕೆಂಡಿಗೆ 200 ಸಲ ಬಡಿದರೆ ಅವನು ಏಳುವುದಾದರೂ ಹೇಗೆ? ಇಲ್ಲಿ ಬೇಕಾದದ್ದು ಸರ್ಕ್ಯೂಟ್ ಬ್ರೇಕರ್. ಹೆಸರು ನಮ್ಮ ಮನೆಯ ಎಂಸಿಬಿಯ ಬಳಗದಿಂದಲೇ ಬಂದದ್ದು. ಸಾಫ್ಟ್‌ವೇರ್‌ನಲ್ಲಿ ಅದನ್ನು ಪ್ರಚಾರಕ್ಕೆ ತಂದದ್ದು ಮೈಕೆಲ್ ನೈಗಾರ್ಡ್ 2007ರ ‘ರಿಲೀಸ್ ಇಟ್!’ ಪುಸ್ತಕದಲ್ಲಿ. ನಮ್ಮದು ಕೊನೆಯ 50 ಕರೆಗಳನ್ನು ನೆನಪಿಟ್ಟುಕೊಳ್ಳುತ್ತದೆ. ಅರ್ಧದಷ್ಟು ಕೆಟ್ಟರೆ ಟ್ರಿಪ್ ಆಗಿ, 30 ಸೆಕೆಂಡ್ ಆ ಕಡೆ ಒಂದೂ ಕರೆ ಹೋಗುವುದಿಲ್ಲ. ಆಮೇಲೆ ಐದು ಕರೆಗಳನ್ನು ಮಾತ್ರ ಪರೀಕ್ಷೆಗೆ ಬಿಡುತ್ತದೆ. ಅವು ಚೆನ್ನಾಗಿ ಬಂದರೆ ದಾರಿ ತೆರೆಯುತ್ತದೆ, ಇಲ್ಲವಾದರೆ ಇನ್ನೊಂದು 30 ಸೆಕೆಂಡ್. ಎಂಸಿಬಿಯನ್ನು ಮೇಲೆತ್ತಲು ಮನುಷ್ಯ ಬೇಕು, ಇದಕ್ಕೆ ಬೇಡ.

ಒಂದು ಎಡವಟ್ಟು ಇಲ್ಲೂ ಆಯಿತು. ಅವಧಿ ಮುಗಿದ ಕೂಪನ್ ಹಾಕಿದರೆ ಆ ಸೇವೆ ‘ಇದು ನಡೆಯದು’ ಎಂದು 400 ಸಂಖ್ಯೆಯ ಉತ್ತರ ಕೊಡುತ್ತದೆ. ಅದು ಆರೋಗ್ಯವಂತ ಸೇವೆಯ ಸರಿಯಾದ ಉತ್ತರ. ನಮ್ಮ ಬ್ರೇಕರ್ ಅದನ್ನೂ ವೈಫಲ್ಯವೆಂದು ಎಣಿಸಿತು. ವಾಟ್ಸ್ಆ್ಯಪ್‌ನಲ್ಲಿ ಹಳೆಯ ಕೂಪನ್ ಒಂದು ಹರಿದಾಡಿದ ದಿನ ಎಲ್ಲರ ರಿಯಾಯಿತಿಯೂ ಬಂದ್!

ಬ್ರೇಕರ್ ಟ್ರಿಪ್ ಆದಾಗ ಗ್ರಾಹಕನಿಗೆ ಹೇಳುವ ಬದಲಿ ಉತ್ತರ ಕೂಪನ್‌ನ ವಿಷಯದಲ್ಲಿ ಸುಲಭ. ‘ರಿಯಾಯಿತಿ ಈಗ ಸಿಗುತ್ತಿಲ್ಲ, ಪೂರ್ತಿ ದರಕ್ಕೆ ಟಿಕೆಟ್ ಪಡೆಯಬಹುದು’. ನಷ್ಟ ಸಣ್ಣದು, ಮಾತು ನಿಜ. ಈ ಯಶಸ್ಸಿನ ಉಮೇದಿನಲ್ಲಿ ನಾವು ಅದೇ ಅಚ್ಚನ್ನು ಹಣ ಪಾವತಿಗೂ ಒತ್ತಿದೆವು. ಪೇಮೆಂಟ್ ಗೇಟ್‌ವೇಯಿಂದ ಹತ್ತು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಬದಲಿ ಉತ್ತರ: ‘ಪಾವತಿ ವಿಫಲ, ಮತ್ತೆ ಪ್ರಯತ್ನಿಸಿ’. ಸೀಟನ್ನೂ ಬಿಟ್ಟುಕೊಡುತ್ತಿದ್ದೆವು. ಬಾಗಲಕೋಟೆಯವರಿಗೆ ಆದದ್ದು ಇದೇ. ಮೊದಲ ಪಾವತಿ ವಿಫಲವಾಗಿರಲಿಲ್ಲ, ತಡವಾಗಿತ್ತು ಅಷ್ಟೆ. ನಮ್ಮ ಮಾತು ನಂಬಿ ಅವರು ಮತ್ತೆ ಒತ್ತಿದರು, ಅದೂ ತಡವಾಯಿತು. ಅಷ್ಟರಲ್ಲಿ ಸೀಟು ಇನ್ನೊಬ್ಬರಿಗೆ ಹೋಯಿತು.

ಟೈಮ್‌ಔಟ್ ಎಂದರೆ ‘ಆಗಲಿಲ್ಲ’ ಎಂದಲ್ಲ, ‘ಗೊತ್ತಿಲ್ಲ’ ಎಂದು. ಓದುವ ಕೆಲಸಕ್ಕೆ ಈ ಎರಡರ ಅಂತರ ಲೆಕ್ಕಕ್ಕಿಲ್ಲ, ದುಡ್ಡಿನ ಕೆಲಸಕ್ಕೆ ಅದೇ ಎಲ್ಲ. ಈಗ ನಾವು ‘ಪಾವತಿ ಪರಿಶೀಲನೆಯಲ್ಲಿದೆ, ಮತ್ತೆ ಹಣ ಕಟ್ಟಬೇಡಿ’ ಎಂದು ತೋರಿಸಿ ಸೀಟನ್ನು ಹಿಡಿದಿಡುತ್ತೇವೆ. ಅದೇ ಆರ್ಡರ್ ಸಂಖ್ಯೆ ಇಟ್ಟುಕೊಂಡು ಗೇಟ್‌ವೇಯನ್ನು ಆಗಾಗ ಕೇಳುತ್ತೇವೆ. ಗ್ರಾಹಕ ಗಾಬರಿಯಲ್ಲಿ ಮತ್ತೆ ಒತ್ತಿದರೂ ಅದೇ ಸಂಖ್ಯೆ ಹೋಗುವುದರಿಂದ ಎರಡನೇ ಕಡಿತವಾಗುವುದಿಲ್ಲ. ಗಡುವಿನೊಳಗೆ ಖಚಿತವಾಗದಿದ್ದರೆ ಸೀಟು ಬಿಡುತ್ತೇವೆ, ಆಮೇಲೆ ಹಣ ಬಂದರೆ ತಾನಾಗಿ ಮರಳಿಸುತ್ತೇವೆ.

ಬ್ರೇಕರ್‌ನ ಅಂಕಿಗಳನ್ನು ಎಂಜಿನಿಯರ್ ನಿರ್ಧರಿಸಲಿ, ತಕರಾರಿಲ್ಲ. ಬದಲಿ ಉತ್ತರವನ್ನು ಮಾತ್ರ ಅವನೊಬ್ಬನ ಕೈಗೆ ಬಿಡಬಾರದು ಎನ್ನುವುದು ನನ್ನ ವಾದ. ‘ಪಾವತಿ ವಿಫಲ’ ಎಂಬ ಎರಡು ಪದವನ್ನು ನಾನು ರಾತ್ರಿ ಹನ್ನೊಂದಕ್ಕೆ ಒಬ್ಬನೇ ಬರೆದಿದ್ದೆ, ಯಾರೂ ಕೇಳಲಿಲ್ಲ. ಈಗ ಅಂಥ ಪ್ರತಿ ಸಾಲನ್ನೂ ಕಸ್ಟಮರ್ ಕೇರ್‌ನವರೂ ಬಸ್ ಮಾಲೀಕರ ಪ್ರತಿನಿಧಿಯೂ ಕೂತು ಒಪ್ಪಬೇಕು. ಜಗಳ ಮುಗಿದಿಲ್ಲ. ಹಬ್ಬದ ದಿನ ಸೀಟನ್ನು ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದೆಂದು ಮಾಲೀಕರು, ಹದಿನೈದಾದರೂ ಬೇಕೆಂದು ನಾವು. ಸದ್ಯಕ್ಕೆ ಹತ್ತರಲ್ಲಿ ನಿಂತಿದೆ. ಬಾಗಲಕೋಟೆಯವರ ಎರಡೂ ಪಾವತಿ ವಾರದ ನಂತರ ಮರಳಿದವು. ಆದರೆ ಅವರು ಹಬ್ಬಕ್ಕೆ ಹೋದದ್ದು ಸ್ವಾರಗೇಟ್‌ನಿಂದ ಸರ್ಕಾರಿ ಬಸ್ಸಿನಲ್ಲಿ, ಸೊಲ್ಲಾಪುರದವರೆಗೆ ನಿಂತುಕೊಂಡು.