ರೊಟ್ಟಿಗೆ ಕೊಟ್ಟ ಕ್ಲೀನ್ ಚಿಟ್ ವಾಪಸ್ ತಗೊಳ್ರಿ

‘ಜೋಳದ ರೊಟ್ಟಿ ತಿಂದ್ರ ಶುಗರ್ ಏರಂಗಿಲ್ಲ’ ಅನ್ನೋ ಮೆಸೇಜನ್ನು ನೀವು ಎಷ್ಟು ಸಲ ಫಾರ್ವರ್ಡ್ ಮಾಡಿದ್ದೀರಿ? ನಾನಂತೂ ಮಾಡಿದ್ದೇನೆ. ಅದೂ ಬೆಂಗಳೂರಿನ ಆಫೀಸಿನಲ್ಲಿ ಕೂತು, ಶಿರವಾಳದಲ್ಲಿರುವ ಅಪ್ಪನಿಗೆ. ಹುಟ್ಟಿದಾಗಿಂದ ರೊಟ್ಟಿ ತಿಂದ ಮನುಷ್ಯನಿಗೆ ರೊಟ್ಟಿಯ ಮಹಿಮೆ ಹೇಳಿಕೊಟ್ಟ ಜಾಣ ನಾನು.

ಊರಿಗೆ ಹೋದಾಗ ನೋಡಿದರೆ ಮನೆಯಲ್ಲಿ ಅನ್ನ ಬಂದ್. ಕಾರಣ ಒಂದೇ ಒಂದು ನಂಬರ್. ಒಂದು ಭಾನುವಾರ ಅನ್ನ ಉಂಡ ಎರಡು ತಾಸಿಗೆ ಮೀಟರ್ 214 ತೋರಿಸಿತ್ತು. ‘ಉಣ್ಣೋಕಿಂತ ಮೊದ್ಲ ಎಷ್ಟಿತ್ತು?’ ಅಂದೆ. ಅವ್ವ ಕ್ಯಾಲೆಂಡರ್ ತಿರುವಿದಳು. 172. ಊಟಕ್ಕೆ ಮುಂಚೆ ಯಾರೋ ಬಂದಿದ್ದರು, ಅವರ ಜೊತೆ ಅಪ್ಪ ಸಕ್ಕರೆ ಚಹಾ, ಬಿಸ್ಕತ್ತು ಮುಗಿಸಿದ್ದ. ಅಂದರೆ ಊಟದ ಮೊದಲಿಗೂ ಆಮೇಲಿಗೂ ಇದ್ದ ವ್ಯತ್ಯಾಸ 42 ಮಾತ್ರ. ಚಹಾ ಮಾಡಿದ ತಪ್ಪಿಗೆ ಅನ್ನಕ್ಕೆ ಶಿಕ್ಷೆ!

ನನ್ನ ಜಗಳ ಇಲ್ಲೇ. ಊಟದ ನಂತರದ ಒಂಟಿ ನಂಬರ್ ಯಾವ ಪದಾರ್ಥದ ಬಗ್ಗೆಯೂ ಏನೂ ಹೇಳುವುದಿಲ್ಲ. ಮೊದಲಿನದನ್ನು ಅದರಿಂದ ಕಳೆಯಿರಿ, ಉಳಿದದ್ದೇ ಆ ಊಟದ ಲೆಕ್ಕ. ಇನ್ನು 172ರಂಥ ಏರಿದ ನಂಬರಿನಿಂದ ಶುರುವಾದರೆ ಆ ಕಳೆಯುವ ಲೆಕ್ಕವನ್ನೂ ನಂಬಬೇಡಿ. ಹಿಂದೆ ತಿಂದದ್ದು ಇನ್ನೂ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುವುದಿಲ್ಲ.

ಹಾಗಾಗಿ ನಾವು ಸರಿಯಾಗಿ ಅಳೆದೆವು. ಮಧ್ಯಾಹ್ನ ಅದೇ ಹೊತ್ತಿಗೆ ಊಟ, ಮಾತ್ರೆ ಎಂದಿನಂತೆ. ಸೋಪಿನಿಂದ ಕೈ ತೊಳೆದು ಒರೆಸಿಕೊಂಡು ಮೊದಲ ಚುಚ್ಚು, ಯಾಕೆಂದರೆ ಬೆರಳಿಗೆ ಬಾಳೆಹಣ್ಣು ಅಂಟಿದ್ದರೂ ಮೀಟರ್ ಸುಳ್ಳು ಹೇಳುತ್ತದೆ. ಎರಡು ತಾಸು ಎಣಿಸುವುದು ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದ ಅಲ್ಲ. ನಡುವೆ ಚಹಾ ಇಲ್ಲ, ಹೊಲಕ್ಕೆ ನಡೆದು ಹೋಗುವುದೂ ಇಲ್ಲ. ನಡಿಗೆ ನಂಬರನ್ನು ಇಳಿಸಿಬಿಡುತ್ತದೆ.

ಎರಡು ದೊಡ್ಡ ರೊಟ್ಟಿ, ಬದನೆಕಾಯಿ ಪಲ್ಯ. ಮೂರು ದಿನದ ಏರಿಕೆ: 62, 70, 58. ಅದೇ ಪಲ್ಯದ ಜೊತೆ ಅಪ್ಪ ಮಾಮೂಲಿ ಉಣ್ಣುವಷ್ಟು ಅನ್ನ, ಮತ್ತೆ ಮೂರು ದಿನ: 69, 58, 72. ಸರಾಸರಿಯಲ್ಲಿ ಮೂರು ಅಂಕಿಯ ವ್ಯತ್ಯಾಸ. ಮನೆಯಲ್ಲಿಡುವ ಮೀಟರಿಗೆ ಇರುವ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲೆ ಶೇ 15ರಷ್ಟು ಆಚೀಚೆ ಆಗುವುದನ್ನು ಒಪ್ಪುತ್ತದೆ. 180 ಅಂತ ತೋರಿಸಿದರೆ ನಿಜ 160 ಇರಬಹುದು, 200ಊ ಇರಬಹುದು. ಅದಕ್ಕೇ ಒಂದು ಜೋಡಿ ಸಾಲದು, ಮೂರಾದರೂ ಬೇಕು. ಮೂರು ಅಂಕಿಯ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ಅಪ್ಪನ ಮೈಗೆ ಎರಡು ರೊಟ್ಟಿಯೂ ಆ ಅನ್ನವೂ ಒಂದೇ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನೂರು ಗ್ರಾಂ ಜೋಳದಲ್ಲಿ ಹೆಚ್ಚುಕಮ್ಮಿ 65–70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಎರಡು ದೊಡ್ಡ ರೊಟ್ಟಿಗೆ ಹಿಟ್ಟು ಅಷ್ಟೇ ಹಿಡಿಯುತ್ತದೆ. ‘ಇದು ಒಳ್ಳೇದು’ ಅಂತ ಮೂರನೇ ರೊಟ್ಟಿ ಹಾಕಿಸಿಕೊಂಡರೆ ಒಳ್ಳೆಯತನ ಅಲ್ಲಿಗೆ ಮುಗಿಯಿತು.

ಆಮೇಲೆ ಒಂದೇ ರೊಟ್ಟಿ, ಜೊತೆಗೆ ಹೆಸರುಕಾಳು, ತಟ್ಟೆ ತುಂಬ ಪುಂಡಿಪಲ್ಯ. ಏರಿಕೆ 36, 33, 39. ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ಈ ವ್ಯತ್ಯಾಸವನ್ನು ಮೀಟರಿನ ತಪ್ಪು ಅನ್ನಲಾಗುವುದಿಲ್ಲ, ಮೂರೂ ದಿನ ಒಂದೇ ಕಥೆ. ‘ಹಂಗಾದ್ರ ರೊಟ್ಟಿ ತಪ್ಪಲ್ಲ, ಎರಡನೇ ರೊಟ್ಟಿ ತಪ್ಪು, ಹೌದಿಲ್ಲೋ ತಮ್ಮಾ?’ ಅಂದ ಅಪ್ಪ. ನನ್ನ ಅಷ್ಟೂ ಫಾರ್ವರ್ಡ್‌ಗಳಿಗಿಂತ ಈ ಮಾತಿಗೆ ತೂಕ ಜಾಸ್ತಿ.

‘ಹದಿನೆಂಟು ಸಲ ಯಾರ್ ಚುಚ್ಕೋತಾರ?’ ಅಂತ ನೀವು ಕೇಳಬಹುದು. ಎಲ್ಲದಕ್ಕೂ ಬೇಡ. ದಿನಾ ತಿನ್ನುವ, ಅನುಮಾನ ಇರುವ ಒಂದೇ ಪದಾರ್ಥಕ್ಕೆ ಮಾಡಿ. ಆದರೆ ಹೋಳಿಗೆ-ತುಪ್ಪದ ಊಟವನ್ನು ಹೀಗೆ ಅಳೆದು ಬೀಗಬೇಡಿ. ಜಿಡ್ಡು ಜಾಸ್ತಿ ಇದ್ದರೆ ಸಕ್ಕರೆ ತಡವಾಗಿ ಏರುತ್ತದೆ, ಎರಡು ತಾಸಿನ ನಂಬರ್ ಸಾಧು ಥರ ಕಾಣುತ್ತದೆ. 70ಕ್ಕಿಂತ ಕೆಳಗೆ ಬಂದರೆ ಪರೀಕ್ಷೆ ಬಿಟ್ಟು ಮೊದಲು ಸಕ್ಕರೆ ನೀರು ಕೊಡಿ. ಈ ನಂಬರ್ ನೋಡಿ ಮಾತ್ರೆ ನೀವೇ ಬದಲಾಯಿಸಬೇಡಿ, ಹಾಳೆಯನ್ನು ಡಾಕ್ಟರಿಗೆ ತೋರಿಸಿ.

ಮತ್ತೆ, ಇದು ನನ್ನ ಅಪ್ಪನ ಬೆರಳಿನ ಲೆಕ್ಕ. ನಿಮ್ಮಪ್ಪನಿಗೆ ಅನ್ನವೇ ಹೆಚ್ಚು ಏರಿಸಬಹುದು. ಅದಕ್ಕೇ ಈ ನಂಬರುಗಳನ್ನೂ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಊರಿಗೆ ಹೋಗುವಾಗ ಒಂದು ಡಬ್ಬಿ ಸ್ಟ್ರಿಪ್ ತಗೊಂಡು ಹೋಗ್ರಿ, ಸಾಕು.