‘ಮನೆಯಲ್ಲಿ ಇದೆಯಾ ಸರ್?’: ಕೌಂಟರಿನ ಒಂದು ಪ್ರಶ್ನೆಯ ಲಾಭ-ನಷ್ಟ

ಚಿಲ್ಲರೆ ವ್ಯಾಪಾರದಲ್ಲಿ ತೊಡಗಿರುವ ನಮ್ಮ ಸದಸ್ಯ ಬಂಧುಗಳಲ್ಲಿ ಅನೇಕರು ತಮ್ಮ ಮಳಿಗೆಯ ಹುಡುಗರಿಗೆ ಒಂದು ಮಾತನ್ನು ಕಲಿಸಿರುತ್ತಾರೆ. ಗಿರಾಕಿ ಕೇಳಿದ ಸರಕನ್ನು ಕೊಟ್ಟಾದ ಮೇಲೆ ‘ಬೇರೇನು ಬೇಕು?’ ಎಂದು ಕೇಳಬೇಕು ಎಂಬುದೇ ಆ ಮಾತು. ಇದರಿಂದ ಬಿಲ್ಲಿಗೆ ಇನ್ನೊಂದು ಸಾಲು ಸೇರುತ್ತದೆ ಎಂಬುದು ನಮ್ಮ ನಂಬಿಕೆ. ಆದರೆ ಕೌಂಟರಿನ ಬಳಿ ಅರ್ಧ ದಿನ ನಿಂತು ಗಮನಿಸಿದರೆ, ಈ ಪ್ರಶ್ನೆಗೆ ಬಹುತೇಕ ಎಲ್ಲರೂ ಕೊಡುವ ಉತ್ತರ ‘ಸಾಕು’ ಎಂಬ ಒಂದೇ ಪದ. ತನಗೆ ಇನ್ನೇನು ಬೇಕಾದೀತು ಎಂದು ಯೋಚಿಸುವ ಹೊರೆಯನ್ನು ನಾವು ಗಿರಾಕಿಯ ಮೇಲೆಯೇ ಹಾಕಿರುತ್ತೇವೆ. ಆತ ಅದನ್ನು ಕೆಳಗಿಳಿಸಿ ಹೊರಟುಹೋಗುತ್ತಾನೆ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಪದ್ಧತಿಯೂ ಇದೆ. ‘ಇದನ್ನೂ ತಗೊಳ್ಳಿ ಸರ್, ಎಲ್ಲರೂ ತಗೋತಾರೆ’ ಎಂದು ಹೇಳಿ ವಸ್ತುವನ್ನು ಗಿರಾಕಿಯ ಮುಂದೆ ಇಟ್ಟುಬಿಡುವುದು. ಸಂಕೋಚದ ಸ್ವಭಾವದವರು ಕೊಂಡುಕೊಳ್ಳುತ್ತಾರೆ, ಆದರೆ ಮುಂದಿನ ಸಲ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಈ ಎರಡರ ನಡುವೆ ಮೂರನೆಯ ಒಂದು ದಾರಿ ಇದೆ ಎಂಬುದನ್ನು ನನ್ನದೇ ಬಣ್ಣ ಹಾಗೂ ಹಾರ್ಡ್‌ವೇರ್ ಮಳಿಗೆಯ ಅನುಭವದಿಂದ ಸದಸ್ಯರ ಮುಂದಿಡಲು ಬಯಸುತ್ತೇನೆ.

ಒಬ್ಬ ಗೃಹಸ್ಥರು ಬಂದು ಮನೆಯ ಗೇಟಿಗೆ ಹಚ್ಚಲು ಒಂದು ಲೀಟರ್ ಎನಾಮೆಲ್ ಬಣ್ಣ ಕೇಳುತ್ತಾರೆಂದು ಇಟ್ಟುಕೊಳ್ಳೋಣ. ಗೇಟಿಗೆ ಬಣ್ಣ ಹಚ್ಚುವ ಕೆಲಸಕ್ಕೆ ಬಣ್ಣವೊಂದೇ ಸಾಲದು. ತುಕ್ಕು ಉಜ್ಜಲು ಎಮರಿ ಪೇಪರ್, ಉಜ್ಜಿದ ಜಾಗಕ್ಕೆ ರೆಡ್ ಆಕ್ಸೈಡ್ ಪ್ರೈಮರ್, ಹಚ್ಚಲು ಎರಡಿಂಚಿನ ಬ್ರಷ್, ಬಣ್ಣ ತೆಳುಮಾಡಲು ಹಾಗೂ ಬ್ರಷ್ ತೊಳೆಯಲು ಟರ್ಪೆಂಟೈನ್ ಬೇಕು. ಗಿರಾಕಿಗೆ ನೆನಪಿರುವುದು ಬಣ್ಣ ಮತ್ತು ಹೆಚ್ಚೆಂದರೆ ಬ್ರಷ್. ಉಳಿದವು ನೆನಪಾಗುವುದು ಭಾನುವಾರ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದ ಮೇಲೆ. ಆಗ ಅಂಗಡಿ ಮುಚ್ಚಿರುತ್ತದೆ. ಕೆಲವರು ತುಕ್ಕಿನ ಮೇಲೆಯೇ ಬಣ್ಣ ಹಚ್ಚಿಬಿಡುತ್ತಾರೆ. ಮುಂದಿನ ಮಳೆಗಾಲದಲ್ಲಿ ಅದು ಹಕ್ಕಳೆಯಾಗಿ ಏಳುತ್ತದೆ, ದೂರು ಬಣ್ಣದ ಮೇಲೂ ಬಣ್ಣ ಮಾರಿದವನ ಮೇಲೂ ಬರುತ್ತದೆ.

ಆದ್ದರಿಂದ ನಮ್ಮ ಹುಡುಗ ಕೇಳಬೇಕಾದ ಮೊದಲ ಪ್ರಶ್ನೆ ಸರಕಿನ ಬಗ್ಗೆ ಅಲ್ಲ, ಕೆಲಸದ ಬಗ್ಗೆ. ‘ಯಾವುದಕ್ಕೆ ಹಚ್ಚುತ್ತೀರಿ ಸರ್, ಕಬ್ಬಿಣಕ್ಕೋ ಮರಕ್ಕೋ?’ ಉತ್ತರ ‘ಕಬ್ಬಿಣದ ಗೇಟಿಗೆ’ ಎಂದು ಬಂದರೆ ಎರಡನೆಯ ಪ್ರಶ್ನೆ: ‘ತುಕ್ಕು ಹಿಡಿದಿದೆಯಾ?’ ಹೌದೆಂದರೆ ಕೊನೆಯ ಮಾತು: ‘ಹಾಗಾದರೆ ಎಮರಿ ಪೇಪರಿನಲ್ಲಿ ಉಜ್ಜಿಕೊಳ್ಳಬೇಕು ಸರ್. ಮನೆಯಲ್ಲಿ ಇದೆಯಾ, ಎರಡು ಹಾಳೆ ಕೊಡಲಾ?’

ಈ ಕೊನೆಯ ವಾಕ್ಯದಲ್ಲಿರುವ ‘ಮನೆಯಲ್ಲಿ ಇದೆಯಾ’ ಎಂಬ ಎರಡು ಪದಗಳೇ ನಾನು ಹೇಳಹೊರಟಿರುವ ವಿಷಯದ ತಿರುಳು. ನೇರವಾಗಿ ‘ಬೇಕಾ?’ ಎಂದರೆ ಗಿರಾಕಿ ‘ಬೇಡ’ ಎನ್ನಬೇಕಾಗುತ್ತದೆ. ಪಕ್ಕದಲ್ಲಿ ಪರಿಚಯದವರು ನಿಂತಿರುವಾಗ ‘ಬೇಡ’ ಎನ್ನಲು ಕೆಲವರಿಗೆ ಮುಜುಗರ. ಕೈಯಲ್ಲಿ ಹಣ ಕಡಿಮೆ ಇದ್ದವರಿಗಂತೂ ಇನ್ನೂ ಹೆಚ್ಚು. ‘ಮನೆಯಲ್ಲಿ ಇದೆಯಾ’ ಎಂದು ಕೇಳಿದಾಗ ‘ಇದೆ’ ಎಂದರೆ ಸಾಕು. ಮಾತು ಅಲ್ಲಿಗೆ ಮುಗಿಯುತ್ತದೆ, ಯಾರ ಮಾನವೂ ಹೋಗುವುದಿಲ್ಲ. ನಿಜವಾಗಿ ಇಲ್ಲದವರು ‘ಅಯ್ಯೋ, ಇಲ್ಲ, ಕೊಡಪ್ಪಾ’ ಎಂದು ತಾವಾಗಿಯೇ ಹೇಳುತ್ತಾರೆ. ‘ಇದೆ’ ಎಂದವರಿಗೆ ನಮ್ಮ ಹುಡುಗ ‘ಸರಿ ಸರ್’ ಎಂದು ಬಿಲ್ಲಿಗೆ ತೊಡಗಬೇಕು. ಎರಡನೆಯ ಸಲ ಕೇಳಬಾರದು, ಇನ್ನೊಂದು ವಸ್ತುವಿನ ಹೆಸರೆತ್ತಲೂಬಾರದು.

ನಾಲ್ಕು ವಸ್ತುಗಳು ಬೇಕಾಗಿರುವಾಗ ಒಂದನ್ನೇ ಏಕೆ ಕೇಳಬೇಕು ಎಂದು ಕೆಲವರು ಪ್ರಶ್ನಿಸಬಹುದು. ಒಂದನ್ನು ಹೇಳಿದರೆ ಅದು ಸಲಹೆ, ನಾಲ್ಕನ್ನು ಹೇಳಿದರೆ ಅದು ಪಟ್ಟಿ. ಪಟ್ಟಿ ಕೇಳಿದ ಗಿರಾಕಿಗೆ ತನ್ನ ಜೇಬಿನ ನೆನಪಾಗುತ್ತದೆ. ಯಾವ ವಸ್ತು ಇಲ್ಲದಿದ್ದರೆ ಕೆಲಸ ಕೆಡುತ್ತದೆಯೋ ಅದನ್ನು ಮಾತ್ರ ಹೆಸರಿಸಬೇಕು. ತುಕ್ಕು ಹಿಡಿದ ಗೇಟಿಗೆ ಅದು ಎಮರಿ ಪೇಪರ್; ಪ್ರೈಮರ್ ಬಗ್ಗೆ ಗಿರಾಕಿಯೇ ಕೇಳಿದರೆ ಉತ್ತರಿಸಬೇಕು. ತುಕ್ಕಿಲ್ಲದೆ ಬಣ್ಣ ಮಾತ್ರ ಮಾಸಿರುವ ಗ್ರಿಲ್ಲಿಗೆ ಅದು ಟರ್ಪೆಂಟೈನ್.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ಮುಚ್ಚಿಡದೆ ಹೇಳಬೇಕು. ಹುಡುಗರಲ್ಲಿ ಹುರುಪು ಮೂಡಲೆಂದು, ಹೆಚ್ಚುವರಿಯಾಗಿ ಮಾರಿದ ಪ್ರತಿ ವಸ್ತುವಿಗೆ ಐದು ರೂಪಾಯಿ ಪ್ರೋತ್ಸಾಹಧನ ಎಂದು ಒಮ್ಮೆ ಘೋಷಿಸಿದೆ. ಬ್ರಷ್ ಹಾಗೂ ಟರ್ಪೆಂಟೈನ್ ಮಾರಾಟ ಕೂಡಲೇ ಏರಿತು, ನಾನೂ ಹಿಗ್ಗಿದೆ. ಮೂರನೆಯ ವಾರ ಹಳೆಯ ಗಿರಾಕಿಯೊಬ್ಬರು ಸೀಲು ಒಡೆಯದ ಟರ್ಪೆಂಟೈನ್ ಬಾಟಲಿಯನ್ನು ಗಲ್ಲಾದ ಮೇಲಿಟ್ಟು, ‘ಗೋಡೆಯ ಎಮಲ್ಷನ್ನಿಗೆ ನೀರು ಸಾಕು ಅಂತ ನಮ್ಮ ಪೇಂಟರ್ ನಗಾಡಿದ. ನಿಮ್ಮ ಹುಡುಗನಿಗೆ ಗೊತ್ತಿರಲಿಲ್ಲವೇ?’ ಎಂದು ಕೇಳಿದರು. ಹುಡುಗನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾರುವಂತೆ ಮಾಡಿದ್ದು ನನ್ನ ಐದು ರೂಪಾಯಿ. ಹಣ ಹಿಂದಿರುಗಿಸಿದೆ, ಆ ಯೋಜನೆಯನ್ನು ಅಂದೇ ನಿಲ್ಲಿಸಿದೆ. ಈಗ ನೀರು ಬೆರೆಸುವ ಎನಾಮೆಲ್ ಕೂಡ ಮಾರುಕಟ್ಟೆಯಲ್ಲಿರುವುದರಿಂದ, ಡಬ್ಬಿಯ ಮೇಲಿನ ಸೂಚನೆ ಓದದೆ ಟರ್ಪೆಂಟೈನ್ ಹೆಸರೆತ್ತಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಲಾಭದ ಲೆಕ್ಕವನ್ನೂ ನೋಡೋಣ. ದಿನಕ್ಕೆ 40 ಬಿಲ್ ಆಗುವ ಒಂದು ಬಣ್ಣದ ಅಂಗಡಿ ಎಂದುಕೊಳ್ಳಿ. ಅದರಲ್ಲಿ 15 ಮಂದಿ ಸ್ವತಃ ಕೆಲಸ ಮಾಡಿಕೊಳ್ಳುವ ಗೃಹಸ್ಥರು. ಅವರನ್ನು ಮೇಲಿನಂತೆ ಕೇಳಿದಾಗ ನಾಲ್ವರು ತಲಾ 60 ರೂಪಾಯಿಯ ವಸ್ತು ಕೊಂಡರೆ ದಿನಕ್ಕೆ 240 ರೂಪಾಯಿ; 26 ದಿನಗಳಿಗೆ 6,240 ರೂಪಾಯಿ. ಶೇಕಡ 20ರ ಲಾಭಾಂಶದಂತೆ ತಿಂಗಳಿಗೆ ಉಳಿಯುವುದು 1,248 ರೂಪಾಯಿ. ಇದೇನೂ ತಿರಸ್ಕರಿಸುವ ಮೊತ್ತವಲ್ಲ, ಆದರೆ ದೊಡ್ಡದೂ ಅಲ್ಲ. ಇದೇ ಅಂಗಡಿಯಲ್ಲಿ ತಿಂಗಳಿಗೆ 20,000 ರೂಪಾಯಿಯ ಸರಕು ಒಯ್ಯುವ ಒಬ್ಬ ಪೇಂಟಿಂಗ್ ಮೇಸ್ತ್ರಿ ಇದ್ದಾನೆನ್ನಿ. ಶೇಕಡ 10ರಷ್ಟೇ ಲಾಭಾಂಶ ಹಿಡಿದರೂ ಆತನಿಂದ ದೊರೆಯುವುದು 2,000 ರೂಪಾಯಿ. ‘ಅಲ್ಲಿ ಹುಡುಗರ ಕಾಟ ಜಾಸ್ತಿ’ ಎಂದು ಆತ ಒಬ್ಬನೇ ಅಂಗಡಿ ಬದಲಾಯಿಸಿದರೂ ಇಡೀ ತಿಂಗಳ ಹೆಚ್ಚುವರಿ ಗಳಿಕೆ ಕೊಚ್ಚಿಹೋಗುತ್ತದೆ. ಒತ್ತಾಯದ ಮಾರಾಟ ನೀತಿಯ ಪ್ರಶ್ನೆಯಾಗುವ ಮೊದಲೇ ಲೆಕ್ಕದಲ್ಲಿ ಸೋಲುತ್ತದೆ ಎಂದು ನಾನು ವಾದಿಸುವುದು ಈ ಕಾರಣಕ್ಕೆ.

ಆದ್ದರಿಂದ ಯಾರನ್ನು ಕೇಳಬಾರದು ಎಂಬುದನ್ನೂ ಹುಡುಗರಿಗೆ ಅಷ್ಟೇ ಸ್ಪಷ್ಟವಾಗಿ ತಿಳಿಸಬೇಕು. ಕಸುಬುದಾರ ಪೇಂಟರನನ್ನು ಕೇಳಬಾರದು. ಆತನಿಗೆ ತನ್ನ ಕೆಲಸ ಗೊತ್ತು. ಗುತ್ತಿಗೆದಾರರು ಚೀಟಿ ಕೊಟ್ಟು ಕಳುಹಿಸಿದ ಆಳನ್ನು ಕೇಳಬಾರದು. ಆತ ‘ಹೂಂ’ ಎಂದರೂ ಹಣ ಕೊಡುವವರು ಬೇರೆ, ತಿಂಗಳ ಕೊನೆಗೆ ತಕರಾರು ಬರುವುದು ನಮಗೆ. ಉದ್ರಿ ಖಾತೆಯವರಿಗೆ ಹೆಚ್ಚುವರಿ ವಸ್ತು ಕೊಟ್ಟರೆ ಅದು ಮಾರಾಟವಲ್ಲ, ವಸೂಲಿಯ ಪಟ್ಟಿಗೆ ಇನ್ನೊಂದು ಸಾಲು ಅಷ್ಟೆ. ಕೌಂಟರಿನ ಮುಂದೆ ನಾಲ್ಕೈದು ಜನ ಕಾಯುತ್ತಿರುವಾಗ ಯಾರನ್ನೂ ಕೇಳಬಾರದು.

ಮಾತು ಸಲಹೆಯಾಗಿ ಉಳಿದಿದೆಯೋ ಒತ್ತಾಯವಾಗಿದೆಯೋ ಎಂದು ತಿಳಿಯಲು ಕೌಂಟರಿನ ಒಳಬದಿಗೆ ಅಂಟಿಸಿದ ಒಂದು ಹಾಳೆ ಸಾಕು. ಅದರಲ್ಲಿ ‘ಕೇಳಿದ್ದು, ಕೊಂಡದ್ದು, ಹಿಂದೆ ಬಂದದ್ದು’ ಎಂಬ ಮೂರು ಕಲಮುಗಳಿರಲಿ. ಹುಡುಗರು ಗೀಟು ಹಾಕುತ್ತಾ ಹೋಗಲಿ. ಯಾರೂ ಕೊಳ್ಳುತ್ತಿಲ್ಲವಾದರೆ ಕೇಳುತ್ತಿರುವ ವಸ್ತು ಅಥವಾ ಕೇಳುವ ಹೊತ್ತು ತಪ್ಪಾಗಿದೆ. ಕೇಳಿದವರೆಲ್ಲರೂ ಕೊಳ್ಳುತ್ತಿದ್ದರೆ ಸಂತೋಷಪಡುವ ಮೊದಲು ಅನುಮಾನಪಡಬೇಕು. ಕೇಳದೆಯೇ ಬಿಲ್ಲಿಗೆ ಸೇರಿಸುತ್ತಿರುವ ಸಾಧ್ಯತೆ ಇರುತ್ತದೆ. ಗಲ್ಲಾದ ಬಳಿ ‘ಇದನ್ನು ತೆಗೆದುಬಿಡಿ’ ಎನ್ನುವವರು ಹೆಚ್ಚಿದರೆ ಅದೂ ಅದೇ ರೋಗದ ಲಕ್ಷಣ.

ಕೇಳದೆ ಸೇರಿಸುವ ಈ ಚಟಕ್ಕೆ ಕಾನೂನಿನ ದೃಷ್ಟಿಯೂ ಅನುಕೂಲವಾಗಿಲ್ಲ. ಒಂದು ಸರಕು ಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕೆಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ಗ್ರಾಹಕರ ಒಪ್ಪಿಗೆಯಿಲ್ಲದೆ ಹಣ ಪಾವತಿಯ ಹಂತದಲ್ಲಿ ಬುಟ್ಟಿಗೆ ಸರಕು ತೂರಿಸುವುದನ್ನು ಆನ್‌ಲೈನ್ ಮಾರಾಟಗಾರರಿಗೆ ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ಆನ್‌ಲೈನ್ ಕಂಪನಿಗಳ ಮೇಲೆ ನಾವು ಹೊರಿಸುವ ಆಪಾದನೆಗೆ ನಮ್ಮ ಕೌಂಟರಿನಲ್ಲಿ ನಾವೇ ಗುರಿಯಾಗಬಾರದು.

ಸಣ್ಣ ಉದ್ಯಮಿ ಮಿತ್ರರಲ್ಲಿಯೂ ಎರಡು ವಿನಂತಿಗಳಿವೆ. ಬ್ರಷ್, ಎಮರಿ, ಥಿನ್ನರ್ ತಯಾರಿಸುವವರು ಮಾರಾಟ ಹೆಚ್ಚಿಸಲು ಅಂಗಡಿಯ ಹುಡುಗರಿಗೆ ನೇರವಾಗಿ ಉಡುಗೊರೆ, ಕೂಪನ್ ಹಂಚುವುದನ್ನು ದಯವಿಟ್ಟು ಕೈಬಿಡಬೇಕು; ಅದು ನನ್ನ ಐದು ರೂಪಾಯಿಯ ತಪ್ಪಿನ ಇನ್ನೊಂದು ರೂಪ. ಅದರ ಬದಲು ಒಂದು ಗೇಟಿಗೆ ಸಾಲುವಷ್ಟು ಸಣ್ಣ ಅಳತೆಯ ಪ್ಯಾಕುಗಳನ್ನು ಕೊಡಿ. 100 ಮಿಲಿಲೀಟರ್ ಸಾಲುವ ಕೆಲಸಕ್ಕೆ ಲೀಟರ್ ಡಬ್ಬಿಯೊಂದೇ ನಮ್ಮಲ್ಲಿದ್ದರೆ, ಎಷ್ಟು ನಯವಾಗಿ ಕೇಳಿದರೂ ಅದು ಗಿರಾಕಿಗೆ ಒತ್ತಾಯದಂತೆಯೇ ಕಾಣುತ್ತದೆ.

ಈಗ ನಮ್ಮ ಮಳಿಗೆಯಲ್ಲಿ ಪ್ರೋತ್ಸಾಹಧನವಿಲ್ಲ. ತಿಂಗಳ ಕೊನೆಗೆ ಹಾಳೆ ನೋಡಿ, ‘ಹಿಂದೆ ಬಂದದ್ದು’ ಎಂಬ ಕಲಮು ಖಾಲಿ ಇದ್ದರೆ ಎಲ್ಲ ಹುಡುಗರಿಗೂ ಸಮನಾಗಿ ಒಂದು ಸಣ್ಣ ಮೊತ್ತ ಕೊಡುತ್ತೇನೆ. ಅಂದು ಟರ್ಪೆಂಟೈನ್ ಹಿಂದಿರುಗಿಸಿದ ಗಿರಾಕಿ ಈಗಲೂ ಬರುತ್ತಾರೆ. ಕಳೆದ ಸಲ ಕಿಟಕಿಯ ಗ್ರಿಲ್ಲಿಗೆ ಬಣ್ಣ ಕೊಂಡು, ಹುಡುಗ ಬಾಯಿ ತೆರೆಯುವ ಮೊದಲೇ ‘ಎಮರಿ ಮನೆಯಲ್ಲಿದೆ ಕಣಪ್ಪಾ, ಟರ್ಪೆಂಟೈನ್ ಮಾತ್ರ ಕೊಡು’ ಎಂದು ನಕ್ಕರು.