ಚಿತ್ರದ ಕೆಳಗಿನ ಸಾಲು

ಯಲಹಂಕದ ಒಂದು ಮನೆಯಲ್ಲಿ ಹದಿಮೂರು ವರ್ಷ ಬಾಳಿದ ನಾಯಿ ತೀರಿಕೊಂಡಿತು. ಅದರ ಭಾವಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕುವುದೆಂದು ಎಲ್ಲರೂ ಒಪ್ಪಿದರು. ಕೆಳಗೆ ಏನು ಬರೆಯಿಸಬೇಕೆಂಬುದೇ ತೊಡಕಾಯಿತು. ಮೊಮ್ಮಗಳು ಬರೆದು ತಂದ ಒಕ್ಕಣೆಯಲ್ಲಿ ಅಗಲಿದ ಆತ್ಮ, ತುಂಬಲಾರದ ನಷ್ಟ, ಕಂಬನಿಯ ಕಡಲು ಎಲ್ಲವೂ ಇದ್ದುವು. ನಾಯಿಯ ಹೆಸರು ಮಾತ್ರ ಬಿಟ್ಟುಹೋಗಿತ್ತು!

ತಾತ ಕನ್ನಡಕ ತೆಗೆದಿಟ್ಟು, "ನಾಯಿಗೆ ಹೇಗೆ ಬರೆಯಬೇಕೆಂಬುದನ್ನು ನಮ್ಮವರು ಸಾವಿರ ವರ್ಷದ ಹಿಂದೆಯೇ ತೋರಿಸಿಕೊಟ್ಟಿದ್ದಾರಮ್ಮ" ಎಂದು ಆತಕೂರಿನ ಕಲ್ಲಿನ ಕಥೆ ಹೇಳಿದರು.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಆ ಕಲ್ಲು ಕ್ರಿ.ಶ. 949–50ರದು; ಅದನ್ನು ಮುಂದೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತರಲಾಯಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರೊಡನೆ ಕಾದಿದಾಗ, ಮಣಲೆರ ಎಂಬ ವೀರನ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಊರನ್ನೋ ಹೊನ್ನನ್ನೋ ಕೇಳಬಹುದಾಗಿದ್ದ ಮಣಲೆರನು ಕೇಳಿದುದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೊಮ್ಮೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತುವು. ಮಣಲೆರನು ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದನು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯೂ ಅದಕ್ಕೆ ದತ್ತಿಯಾಯಿತು. ಈ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ಬರೆಯಿಸಲಾಯಿತು.

ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಬರಹವೆಲ್ಲ ಆ ಚಿತ್ರಕ್ಕೆ ಒಕ್ಕಣೆಯೆಂದೇ ಹೇಳಬಹುದು. ಅರಸರ ಬಿರುದುಗಳಿಗೆ ಅಲ್ಲಿ ಯಥೇಚ್ಛ ಸ್ಥಳವುಂಟು, ಅದು ಕಾಲದ ರೂಢಿ. ಕಾಳಿಯ ಮಾತು ಬಂದಾಗ ಮಾತ್ರ ಬರಹ ಚಿಕ್ಕದಾಗುತ್ತದೆ: ಅದರ ಹೆಸರು, ಅದು ತನ್ನ ಬಳಿಗೆ ಬಂದ ಬಗೆ, ಸತ್ತ ಸ್ಥಳ, ಸತ್ತ ರೀತಿ. ಮಣಲೆರನು ಅತ್ತನೆಂದು ಎಲ್ಲಿಯೂ ಇಲ್ಲ. ಅದರ ಪೂಜೆ ತಪ್ಪದಿರಲೆಂದು ನೆಲವನ್ನೇ ಬಿಟ್ಟುಕೊಟ್ಟವನು ಅತ್ತಿರಲಾರನೆಂದು ಯಾರು ಹೇಳಿಯಾರು?

ಮೊಮ್ಮಗಳು ತನ್ನ ಕಾಗದವನ್ನು ಮಡಿಸಿ, ಹೊಸದೊಂದನ್ನು ತೆಗೆದುಕೊಂಡಳು. ರೋಗದ ಹೆಸರು ಬರೆಯಬೇಕೇ ಎಂದು ಅವಳ ತಾಯಿ ಕೇಳಿದರು. ಔಷಧದ ಶೀಶೆಗಳು ಇನ್ನೂ ಕಿಟಕಿಯಲ್ಲೇ ಇದ್ದುವು. ಬೇಡವೆಂದಾಯಿತು. ಕೊನೆಗೆ ಕಟ್ಟು ಹಾಕುವವನ ಬಳಿಗೆ ಹೋದ ಸಾಲುಗಳು ಇಷ್ಟೇ:

"ಕರಿಯ. ಹದಿಮೂರು ವರ್ಷ ಈ ಮನೆಯಲ್ಲಿದ್ದ. ಸಂಜೆ ತಾತ ಹಿಂತಿರುಗುವವರೆಗೆ ಗೇಟಿನ ಬಳಿ ಕಾಯುತ್ತಿದ್ದ. ಮುಪ್ಪಿನಲ್ಲಿ, ಅದೇ ಗೇಟಿನ ಬಳಿ ಮಲಗಿದ್ದಾಗ ತೀರಿಕೊಂಡ."

ತಾತ ಅದನ್ನು ಎರಡು ಸಲ ಓದಿ, ತಾರೀಖನ್ನು ತಮ್ಮ ಕೈಯಿಂದಲೇ ಸೇರಿಸಿದರು.